ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ, ಆಧಾರ್ ವಿಳಾಸ ಬದಲಿಸುವುದು ಹೇಗೆ?

ಪ್ರಶ್ನೆ: ಸರ್, ಎರಡು ತಿಂಗಳ ಹಿಂದ ಬೆಟಗೇರಿಯಿಂದ ಹುಬ್ಬಳ್ಳಿ ವಿದ್ಯಾನಗರಕ್ಕ ಬಾಡಿಗಿ ಮನಿಗೆ ಬಂದೀವಿ. ನಾನು, ನನ್ನ ಹೆಂಡತಿ, ತಾಯಿ, ಏಳು ವರ್ಷದ ಮಗಳು. ಕರೆಂಟ್ ಬಿಲ್, ನೀರಿನ ಬಿಲ್ ಎರಡೂ ಮನಿ ಮಾಲಕರ ಹೆಸರಿನಾಗ ಅದಾವ. ಹನ್ನೊಂದು ತಿಂಗಳ ಕರಾರು ಪತ್ರ ನನ್ನ ಹೆಸರಿಗೆ ಐತಿ, ನೋಟರಿ ಮಾಡಿಸೀವಿ. ಅದನ್ನ ಹಚ್ಚಿ ಆಧಾರ್ ವಿಳಾಸ ಬದಲಿಗೆ ಆನ್‌ಲೈನ್ ಅರ್ಜಿ ಹಾಕಿದ್ದೆ, ರಿಜೆಕ್ಟ್ ಆತು. ಯಾವ ದಾಖಲೆ ನಡೀತದ? ನಾಲ್ಕೂ ಮಂದಿಗೆ ಬ್ಯಾರೆ ಬ್ಯಾರೆ ಪುರಾವೆ ಬೇಕೇನು? ವೋಟರ್ ಐಡಿ, ಲೈಸೆನ್ಸ್ ಯಾವಾಗ ಮಾಡಿಸಬೇಕು?

ಉತ್ತರ: ನಾಲ್ಕು ಮಂದಿಗೆ ನಾಲ್ಕು ಪುರಾವೆ ಬೇಡ. ನಿಮ್ಮ ಹೆಸರಿನಲ್ಲಿ ಒಂದೇ ಒಂದು ಗಟ್ಟಿ ಕಾಗದ ಇದ್ದರೆ ಸಾಕು, ಮಿಕ್ಕವರ ವಿಳಾಸ ನಿಮ್ಮ ಆಧಾರ್ ಹಿಡಿದುಕೊಂಡು ಬದಲಾಗುತ್ತದೆ. ಹಾಗಾಗಿ ಮೊದಲು ನಿಮ್ಮದೊಂದನ್ನು ಸರಿ ಮಾಡಿಕೊಳ್ಳಿ. ಅದು ಮುಗಿಯುವ ತನಕ ಹೆಂಡತಿ, ತಾಯಿ ಅವರ ಅರ್ಜಿ ಹಾಕಬೇಡಿ. ವೋಟರ್ ಐಡಿ, ಲೈಸೆನ್ಸ್‌ಗಳನ್ನೂ ಅಲ್ಲಿಯವರೆಗೆ ಮುಟ್ಟಬೇಡಿ, ಯಾಕೆಂದರೆ ಹೊಸ ವಿಳಾಸದ ಆಧಾರ್ ಕೈಗೆ ಬಂದರೆ ಆ ಎರಡಕ್ಕೂ ಅದೇ ಪುರಾವೆಯಾಗುತ್ತದೆ.

ಬಿಲ್‌ಗಳ ಮಾತು ಮೊದಲು. ಕರೆಂಟ್, ನೀರು, ಗ್ಯಾಸ್, ಲ್ಯಾಂಡ್‌ಲೈನ್, ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್‌ಗಳೆಲ್ಲ ಆಧಾರ್ ಪಟ್ಟಿಯಲ್ಲಿ ಇವೆ. ಆದರೆ ಬಿಲ್ ಅರ್ಜಿದಾರರ ಹೆಸರಿನಲ್ಲೇ ಇರಬೇಕು, ಮೂರು ತಿಂಗಳಿಗಿಂತ ಹಳೆಯದಿರಬಾರದು. ಮಾಲೀಕರ ಹೆಸರಿನ ಹೆಸ್ಕಾಂ ಬಿಲ್ ಜೊತೆಗೆ ನಿಮ್ಮ ಕರಾರು ಪತ್ರ ಹಚ್ಚಿದರೂ ಆ ಬಿಲ್ ನಿಮ್ಮ ಪುರಾವೆಯಾಗುವುದಿಲ್ಲ. ಇಲ್ಲಿ ಒಂದು ಗೊಂದಲ ಪದೇಪದೇ ಕಾಣುತ್ತೇನೆ. ಗೃಹಜ್ಯೋತಿಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿರುತ್ತಾರಲ್ಲ, "ನನ್ನ ಆಧಾರ್ ಆ ಮೀಟರಿಗೆ ಲಿಂಕ್ ಆಗೇತಿ, ಅಂದಮ್ಯಾಲ ಬಿಲ್ ನಂದ ಆತಲ್ಲ" ಎಂದು ವಾದಿಸುತ್ತಾರೆ. ಲಿಂಕ್ ಆಗಿರುವುದು ರಿಯಾಯಿತಿಗೆ ಮಾತ್ರ. ಬಿಲ್ ಮೇಲೆ ಅಚ್ಚಾಗುವ ಗ್ರಾಹಕರ ಹೆಸರು ಮಾಲೀಕರದ್ದೇ. ಪರಿಶೀಲಿಸುವವರು ನೋಡುವುದು ಆ ಅಚ್ಚನ್ನು.

ಅಂದಮೇಲೆ ನಿಮ್ಮ ಹತ್ತಿರ ಉಳಿದದ್ದು ಕರಾರು ಪತ್ರ. ಅದು ಯಾಕೆ ತಿರಸ್ಕಾರವಾಯಿತು ಎಂದು ನೀವು ಬರೆದಿಲ್ಲ. myaadhaar.uidai.gov.in ಒಳಗೆ ಹೋಗಿ ನಿಮ್ಮ ಅರ್ಜಿಯ ಸಂಖ್ಯೆ, ಅಂದರೆ ಎಸ್‌ಆರ್‌ಎನ್, ಹಾಕಿ ನೋಡಿ. ಕಾರಣ ಒಂದು ಸಾಲಿನಲ್ಲಿ ಇರುತ್ತದೆ. ಆ ಸಾಲನ್ನು ಓದದೆ ಅದೇ ಕಾಗದವನ್ನು ಮತ್ತೆ ಏರಿಸುವವರು ಬಹಳ ಮಂದಿ. ಪ್ರತಿ ಸಲವೂ ಶುಲ್ಕ ಕಟ್ಟಬೇಕು, ತಿರಸ್ಕಾರವಾದರೆ ದುಡ್ಡು ವಾಪಸ್ ಬರುವುದಿಲ್ಲ. 2025ರ ಅಕ್ಟೋಬರ್ 1ರಿಂದ ಅದು 50ರಿಂದ 75 ರೂಪಾಯಿಗೆ ಏರಿದೆ.

ನನ್ನ ಮೇಜಿಗೆ ಬಂದ ತಿರಸ್ಕೃತ ಕರಾರುಗಳಲ್ಲಿ ಬಹುಪಾಲು ಮೂರು ತಪ್ಪುಗಳಲ್ಲಿ ಒಂದನ್ನು ಮಾಡಿರುತ್ತವೆ. ಮೊದಲನೆಯದು, ಸ್ಟಾಂಪ್ ಇರುವ ಮೊದಲ ಪುಟವನ್ನಷ್ಟೇ ಸ್ಕ್ಯಾನ್ ಮಾಡಿರುತ್ತಾರೆ. ಮನೆಯ ವಿವರ ಇರುವುದು ಕೊನೆಯ ಪುಟದ ಷೆಡ್ಯೂಲಿನಲ್ಲಿ, ಸಹಿಗಳು ಅದರ ಕೆಳಗೆ. ಮೊದಲ ಪುಟದಲ್ಲಿ ನಿಮ್ಮ ಹಳೇ ವಿಳಾಸ, ಅಂದರೆ ಬೆಟಗೇರಿಯದ್ದು, "ಬಾಡಿಗೆದಾರರು, ಸಾಕಿನ" ಎಂದು ಇರುತ್ತದೆ. ನೋಡುವವರಿಗೆ ಹಳೇ ವಿಳಾಸವೇ ಕಾಣಿಸಿತು, ಹೊಸದು ಎಲ್ಲೂ ಕಾಣಲಿಲ್ಲ ಎಂದರೆ ತಿರಸ್ಕರಿಸದೆ ಏನು ಮಾಡಿಯಾರು? ಎಲ್ಲ ಪುಟಗಳನ್ನೂ ಅಸಲು ಪ್ರತಿಯಿಂದಲೇ, ಬಣ್ಣದಲ್ಲಿ, ಒಂದೇ ಪಿಡಿಎಫ್ ಆಗಿ ಮಾಡಬೇಕು. ಕಡತ 2 ಎಂಬಿ ಒಳಗಿರಬೇಕು. ಮೊಬೈಲಿನಲ್ಲಿ ಫೋಟೊ ಹೊಡೆದರೆ ಐದು ಪುಟಕ್ಕೆ ಹತ್ತು ಎಂಬಿ ದಾಟುತ್ತದೆ. ಅದನ್ನು ಒತ್ತಿ ಒತ್ತಿ ಸಣ್ಣದು ಮಾಡಿದಾಗ ಅಕ್ಷರ ಮಂಜಾಗುತ್ತದೆ. ಸ್ಕ್ಯಾನರಿನಲ್ಲಿ ಹಗುರ ಗುಣಮಟ್ಟಕ್ಕೆ ಇಟ್ಟು ತೆಗೆದರೆ ಎರಡೂ ಕೆಲಸ ಆಗುತ್ತವೆ. ಏರಿಸುವ ಮೊದಲು ನಿಮ್ಮದೇ ಫೋನಿನಲ್ಲಿ ತೆರೆದು, ಷೆಡ್ಯೂಲಿನ ಸಾಲು ದೊಡ್ಡದು ಮಾಡದೆ ಓದಲು ಬರುತ್ತದೆಯೇ ನೋಡಿ.

ಎರಡನೆಯದು ಹೆಸರು. ಆಧಾರಿನಲ್ಲಿ Basavaraj ಎಂದಿದೆ, ಕರಾರು ಬರೆದವರು Basvaraja ಎಂದು ಟೈಪ್ ಮಾಡಿದ್ದಾರೆ. ಅಥವಾ ಆಧಾರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇವೆ, ಕರಾರಿನಲ್ಲಿ ಎರಡು ಇನಿಷಿಯಲ್ ಮಾತ್ರ. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಹಚ್ಚುವುದು, ಒಮ್ಮೆ ಬಿಡುವುದು ರೂಢಿ. ಆ ರೂಢಿಯ ದಂಡ ಇಲ್ಲಿ ಬೀಳುತ್ತದೆ. ಕರಾರು ಬರೆಸುವಾಗ ಆಧಾರ್ ಕಾರ್ಡನ್ನು ಟೈಪಿಸ್ಟರ ಮುಂದಿಟ್ಟು, ಅಕ್ಷರಕ್ಕೆ ಅಕ್ಷರ ಹಾಗೇ ಬರಲಿ ಎಂದು ಹೇಳಿ.

ಮೂರನೆಯದೇ ನಿಮ್ಮದಾಗಿರಬಹುದು ಎಂದು ನನ್ನ ಗುಮಾನಿ: ನೋಟರಿ ಆಗಿದೆ, ನೋಂದಣಿ ಆಗಿಲ್ಲ. ನೋಟರಿಯವರು ಹಾಕುವ ಮುದ್ರೆ "ಈ ಇಬ್ಬರು ನನ್ನೆದುರು ಸಹಿ ಮಾಡಿದರು" ಎನ್ನುವುದಕ್ಕೆ ಸಾಕ್ಷಿ. ನೋಂದಣಿ ಎಂದರೆ ಉಪನೋಂದಣಾಧಿಕಾರಿ ಕಚೇರಿಯ ದಾಖಲೆಯಲ್ಲಿ ಆ ಕರಾರು ಸೇರುವುದು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲಿಕ್ಕೆಂದೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದು. ಆದರೆ ಹನ್ನೊಂದು ತಿಂಗಳಿನದ್ದನ್ನು ನೋಂದಣಿ ಮಾಡಿಸಬಾರದು ಎಂದು ಎಲ್ಲೂ ಇಲ್ಲ. ಅದೇ ಕಾಯ್ದೆಯ 18ನೇ ಕಲಮು ಒಂದು ವರ್ಷದೊಳಗಿನ ಕರಾರನ್ನೂ ಇಷ್ಟವಿದ್ದರೆ ನೋಂದಾಯಿಸಬಹುದು ಎನ್ನುತ್ತದೆ. ಬರೀ ನೋಟರಿ ಕರಾರು ಒಮ್ಮೊಮ್ಮೆ ಪಾಸಾದದ್ದೂ ಉಂಟು, ಅದರ ಪಕ್ಕದ ಅರ್ಜಿ ಬಿದ್ದದ್ದೂ ಉಂಟು. ನೋಂದಣಿಯಾದ ಕರಾರು ಈ ಒಂದು ಕಾರಣಕ್ಕೆ ಬಿದ್ದದ್ದನ್ನು ನಾನು ನೋಡಿಲ್ಲ. ಮೇಲಾಗಿ ಮತದಾರರ ಪಟ್ಟಿಯ ಅರ್ಜಿಯಲ್ಲಿ ಬಾಡಿಗೆದಾರರಿಗೆ ಕೇಳುವುದು ನೋಂದಾಯಿತ ಕರಾರನ್ನೇ.

ಮಾಲೀಕರು ಹಿಂದೇಟು ಹಾಕಬಹುದು. "ನೋಂದಣಿ ಮಾಡಿಕೊಟ್ಟರ ನಾಳೆ ಮನಿ ಬಿಡಂಗಿಲ್ಲ" ಎನ್ನುವ ಅಂಜಿಕೆ ಹಳೇದು. ಅವರಿಗೆ ಹೇಳಬೇಕಾದದ್ದು ಇಷ್ಟೇ: ಅವಧಿ ಕಾಗದದಲ್ಲೇ ಬರೆದಿರುತ್ತದೆ, ಅವಧಿ ಬರೆದು ದಾಖಲೆಯಾದ ಕರಾರು ಬಾಯಿಮಾತಿನ ಬಾಡಿಗೆಗಿಂತ ಮಾಲೀಕರಿಗೇ ಹೆಚ್ಚು ರಕ್ಷಣೆ. ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ, ದಿನ ಗೊತ್ತು ಮಾಡಿಕೊಂಡು, ಇಬ್ಬರೂ ಕಚೇರಿಗೆ ಹೋಗಿ ಬಂದರೆ ಆಯಿತು. ಖರ್ಚು ನೀವೇ ಹೊರುತ್ತೇನೆ ಎಂದರೆ ಅರ್ಧ ತಕರಾರು ಅಲ್ಲೇ ಕರಗುತ್ತದೆ.

ಈಗ ವಿಳಾಸದ ಪಠ್ಯ. ನನ್ನ ಅನುಭವದಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಜಾಸ್ತಿ ಕಾಡುವುದು ಇದೇ. ಇಲ್ಲಿ ಒಂದೇ ಮನೆಗೆ ಮೂರು ವಿಳಾಸ ಇರುತ್ತವೆ. ಕರಾರಿನ ಷೆಡ್ಯೂಲಿನಲ್ಲಿ ಸಿ.ಟಿ.ಎಸ್. ನಂಬರು ಮತ್ತು ಪ್ಲಾಟ್ ನಂಬರು, ಬಾಗಿಲ ಮೇಲೆ ಇನ್ನೊಂದು ಮನೆ ನಂಬರು, ಹೆಸ್ಕಾಂ ಬಿಲ್ಲಿನಲ್ಲಿ ಆರ್.ಆರ್. ನಂಬರಿನ ಜೊತೆ ಮೊಟಕು ಮಾಡಿದ ಬಡಾವಣೆ ಹೆಸರು. ನೀವು ಆಧಾರ್ ಅರ್ಜಿಯಲ್ಲಿ ಬಾಗಿಲ ನಂಬರು ಹಾಕಿ, ಪುರಾವೆಯಾಗಿ ಸಿ.ಟಿ.ಎಸ್. ಮಾತ್ರ ಇರುವ ಕರಾರು ಹಚ್ಚಿದರೆ, ಪರಿಶೀಲಿಸುವವರ ಕಣ್ಣಿಗೆ ಅವು ಎರಡು ಬೇರೆ ಮನೆಗಳು. ಅವರು ವಿದ್ಯಾನಗರ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ.

ಅದಕ್ಕೇ ಕರಾರು ಬರೆಸುವ ಮೊದಲೇ ಒಂದು ಹಾಳೆಯಲ್ಲಿ ವಿಳಾಸವನ್ನು ಪೂರ್ತಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಹೀಗೆ: ಮನೆ ನಂ. 14, ಪ್ಲಾಟ್ ನಂ. 9, ಮೊದಲ ಮಹಡಿ, 3ನೇ ಕ್ರಾಸ್, ಬಡಾವಣೆಯ ಹೆಸರು, ವಿದ್ಯಾನಗರ, ಹುಬ್ಬಳ್ಳಿ 580031. ಷೆಡ್ಯೂಲಿನಲ್ಲಿ ಸಿ.ಟಿ.ಎಸ್. ನಂಬರು ಬರುವುದಿದ್ದರೆ ಬರಲಿ, ಅದರ ಪಕ್ಕದಲ್ಲೇ ಈ ಸಾಲು ಇಡಿಯಾಗಿ ಬರಬೇಕು, ಪಿನ್ ಕೋಡ್ ಸಮೇತ. ಕರಾರುಗಳಲ್ಲಿ ಪಿನ್ ಕೋಡ್ ಬಿಟ್ಟುಹೋಗುವುದು ಎಷ್ಟು ಸಾಮಾನ್ಯವೆಂದರೆ, ನಾನು ಯಾವ ಕರಾರು ಕೈಗೆ ಬಂದರೂ ಮೊದಲು ಆ ಆರು ಅಂಕಿಯನ್ನೇ ಹುಡುಕುತ್ತೇನೆ. ಆಮೇಲೆ ಆಧಾರಿನಲ್ಲಾಗಲಿ, ಮತದಾರರ ಅರ್ಜಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ಆ ಹಾಳೆ ನೋಡಿಕೊಂಡೇ ತುಂಬಿ. ಪುರಾವೆಯಲ್ಲಿ ಇಲ್ಲದ "ಗಣಪತಿ ಗುಡಿ ಹಿಂದುಗಡೆ" ಎಂಬಂಥದ್ದನ್ನು ಸೇರಿಸುವ ಆಸೆ ಬೇಡ.

ಅರ್ಜಿ ತುಂಬುವಾಗ ಪಿನ್ ಕೋಡ್ ಹಾಕಿದ ಕೂಡಲೇ ರಾಜ್ಯ, ಜಿಲ್ಲೆ ತಾವೇ ಬರುತ್ತವೆ. ಊರು ಮತ್ತು ಅಂಚೆ ಕಚೇರಿಯನ್ನು ಪಟ್ಟಿಯಿಂದ ಆರಿಸಬೇಕು. ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ರಿಂದ Hubballi ಆದರೂ ಹಳೇ ದಾಖಲೆಗಳಲ್ಲಿ, ಪಟ್ಟಿಗಳಲ್ಲಿ Hubli ಇನ್ನೂ ಕಾಣುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆ ಕಾರಣಕ್ಕೆ ಯಾರೂ ತಿರಸ್ಕರಿಸುವುದಿಲ್ಲ. ನೋಡಬೇಕಾದದ್ದು ಕನ್ನಡದ ಸಾಲು. ನೀವು ಇಂಗ್ಲಿಷಿನಲ್ಲಿ ತುಂಬಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ. ಅದು ತಿರುಗಿಸುವ ಚಂದ ನೋಡಿದರೆ ನಗು ಬರುತ್ತದೆ, ಕಾರ್ಡಿನ ಮೇಲೆ ಅಚ್ಚಾದ ಮೇಲೆ ಬರುವುದಿಲ್ಲ. ಕೆಲ ವರ್ಷದ ಹಿಂದೆ ನಾನೇ ಧಾರವಾಡದಿಂದ ನವನಗರಕ್ಕೆ ಮನೆ ಬದಲಿಸಿದಾಗ ಒಂದು ಕೇಂದ್ರಕ್ಕೆ ಹೋಗಿ ಮಾಡಿಸಿದೆ. ಅಲ್ಲಿಯ ಹುಡುಗ ಪರದೆ ನನ್ನ ಕಡೆ ತಿರುಗಿಸಿ "ನೋಡ್ರಿ ಸರ, ಬರೋಬರಿ ಐತೇನು" ಅಂದ. ಇಂಗ್ಲಿಷ್ ಸಾಲು ಓದಿ ತಲೆಯಾಡಿಸಿದೆ. ಕಾರ್ಡ್ ಬಂದಾಗ ಕನ್ನಡದಲ್ಲಿ "ನವಾನಗರ್" ಎಂದಿತ್ತು, ಮನೆ ನಂಬರಿನ ಒಂದು ಅಂಕಿಯೂ ಹೋಗಿತ್ತು. ಎಲ್ಲರಿಗೂ ಬುದ್ಧಿ ಹೇಳುವವನು ಮತ್ತೆ ಸರದಿಯಲ್ಲಿ ನಿಂತೆ. ವಿಳಾಸವನ್ನು ಇಷ್ಟೇ ಸಲ ಬದಲಿಸಬೇಕೆಂಬ ಮಿತಿ ಇಲ್ಲ, ಅದೊಂದೇ ಸಮಾಧಾನ. ಹೆಸರಿಗೆ, ಹುಟ್ಟಿದ ತಾರೀಖಿಗೆ ಮಿತಿ ಇದೆ.

ಮಾಲೀಕರು ನೋಂದಣಿಗೆ ಒಪ್ಪಲೇ ಇಲ್ಲ ಅನ್ನಿ. ಆಗ ಬಾಡಿಗೆದಾರರಿಗೆ ತಮ್ಮದೇ ಹೆಸರಿನಲ್ಲಿ ಸಿಗುವ ಬಿಲ್ ಎಂದರೆ ಗ್ಯಾಸಿನದ್ದು. ಗದಗಿನಿಂದ ಹುಬ್ಬಳ್ಳಿಗೆ ಬಂದಿರುವುದರಿಂದ ನೀವು ಹೇಗಿದ್ದರೂ ಹಳೇ ಏಜೆನ್ಸಿಯಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ಚೀಟಿ ತಂದು ಇಲ್ಲಿ ಸೇರಿಕೊಳ್ಳಲೇಬೇಕು. ಹೊಸ ಏಜೆನ್ಸಿಯಲ್ಲಿ ನಿಮ್ಮ ಹಾಳೆಯ ವಿಳಾಸವನ್ನೇ ಕೊಟ್ಟರೆ ಮುಂದಿನ ಸಿಲಿಂಡರಿನ ಬಿಲ್ ನಿಮ್ಮ ಹೆಸರು, ಹೊಸ ವಿಳಾಸ ಎರಡನ್ನೂ ಹೊತ್ತು ಬರುತ್ತದೆ. ಸಂಪರ್ಕ ನಿಮ್ಮ ಹೆಂಡತಿಯ ಹೆಸರಿನಲ್ಲಿದ್ದರೆ? ಹಾಗಾದರೆ ಮೊದಲು ಅವರ ಆಧಾರ್ ಬದಲಾಗಲಿ, ನೀವು ಅವರನ್ನು ಹಿಡಿದುಕೊಂಡು ಬದಲಿಸಿಕೊಳ್ಳಿ. ಯಾರು ಮೊದಲು ಎನ್ನುವುದಕ್ಕೆ ನಿಯಮವಿಲ್ಲ, ಯಾರ ಹೆಸರಿನಲ್ಲಿ ಕಾಗದ ಇದೆಯೋ ಅವರು ಮೊದಲು.

ಇದೂ ಆಗದಿದ್ದರೆ ಉಳಿದದ್ದು ಪ್ರಮಾಣಪತ್ರ. uidai.gov.in ತಾಣದಲ್ಲಿ ಅದರ ನಮೂನೆ ಸಿಗುತ್ತದೆ. ನಿಮ್ಮ ವಾರ್ಡಿನ ಕಾರ್ಪೊರೇಟರ್, ಶಾಸಕರು, ಸಂಸದರು, ತಹಸೀಲ್ದಾರರು, ಗ್ರೂಪ್ ಎ ಗೆಜೆಟೆಡ್ ಅಧಿಕಾರಿ ಇವರಲ್ಲಿ ಒಬ್ಬರು ಸಹಿ ಮಾಡಬಹುದು. ಗದಗ, ಹಾವೇರಿ ಕಡೆಯ ಹಳ್ಳಿಗಳಿಗೆ ಹೋದವರಿಗೆ ಗ್ರಾಮ ಪಂಚಾಯಿತಿಯಿಂದ ಪಡೆಯುವ ದಾರಿಯೂ ಇದೆ. ಸಹಿಯ ತಾರೀಖಿನಿಂದ ಮೂರು ತಿಂಗಳು ಮಾತ್ರ ಅದು ಚಾಲ್ತಿ. ನಮೂನೆ ಅದೇ ಇರಬೇಕು. ಲೆಟರ್‌ಹೆಡ್ ಮೇಲೆ "ಇವರು ನಮ್ಮ ವಾರ್ಡಿನ ನಿವಾಸಿ, ನನಗೆ ಚೆನ್ನಾಗಿ ಪರಿಚಿತರು" ಎಂದು ಬರೆಸಿಕೊಂಡು ಬಂದರೆ ಕೆಲಸವಾಗುವುದಿಲ್ಲ. ಮುದ್ರೆ ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಅಂಕಿ ತಪ್ಪಿ ವೈಟ್ನರ್ ಹಚ್ಚಿದ್ದರೆ ಹೊಸ ಹಾಳೆಯಲ್ಲೇ ಬರೆಸಿ, ತಿದ್ದಿದ್ದನ್ನು ಒಪ್ಪುವುದಿಲ್ಲ. ಈ ಪ್ರಮಾಣಪತ್ರ ಇಟ್ಟುಕೊಂಡವರು ಆನ್‌ಲೈನಿಗಿಂತ ಕೇಂದ್ರಕ್ಕೆ ಹೋಗಿ ಅಸಲು ತೋರಿಸಿ ಮಾಡಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಆಧಾರ್ ಬದಲಾಗಲು ಒಂದು ತಿಂಗಳ ತನಕ ಹಿಡಿಯಬಹುದು. ಇ-ಆಧಾರ್ ಇಳಿಸಿಕೊಂಡು ವಿಳಾಸ ಸರಿಯಿದೆಯೇ ನೋಡಿ, ಆಮೇಲೆ ತಾಯಿ ಮತ್ತು ಹೆಂಡತಿಯವರ ಅರ್ಜಿಗೆ ಕೈ ಹಾಕಿ. 2023ರ ಜನವರಿಯಲ್ಲಿ ಬಂದ ಅನುಕೂಲ ಇದು. ತಾಣದಲ್ಲಿ Head of Family (HOF) based Address Update ಎಂಬ ಹೆಸರಿನಲ್ಲಿದೆ. ಅವರು ತಮ್ಮ ಆಧಾರಿನಿಂದ ಒಳಹೊಕ್ಕು ನಿಮ್ಮ ಆಧಾರ್ ಸಂಖ್ಯೆ ಹಾಕುತ್ತಾರೆ, ನಿಮ್ಮ ಜೊತೆಗಿನ ಸಂಬಂಧಕ್ಕೆ ಒಂದು ದಾಖಲೆ ಏರಿಸುತ್ತಾರೆ, ಶುಲ್ಕ ಕಟ್ಟುತ್ತಾರೆ. ನಿಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ನೀವು 30 ದಿನದೊಳಗೆ ನಿಮ್ಮ ಆಧಾರಿನಿಂದ ಒಳಹೊಕ್ಕು ಒಪ್ಪಿಗೆ ಕೊಡಬೇಕು. ಸಂದೇಶ ಬಂದದ್ದನ್ನು ಮರೆತರೆ ಅರ್ಜಿ ಸತ್ತಂತೆ, ಕಟ್ಟಿದ ದುಡ್ಡೂ ಹೋದಂತೆ. ಒಪ್ಪಿದರೆ ನಿಮ್ಮ ವಿಳಾಸ ಇದ್ದಹಾಗೇ ಅವರ ಆಧಾರಿಗೆ ಇಳಿಯುತ್ತದೆ. ನಿಮ್ಮದರಲ್ಲಿ ತಪ್ಪಿದ್ದರೆ ಆ ತಪ್ಪೂ ಇಳಿಯುತ್ತದೆ. ನಿಮ್ಮದು ಪೂರ್ತಿ ಆಗುವ ತನಕ ಕಾಯಿರಿ ಅಂದದ್ದು ಅದಕ್ಕೆ.

ಈ "ಕುಟುಂಬದ ಮುಖ್ಯಸ್ಥ" ಎಂಬ ಮಾತು ನಮ್ಮ ಕಡೆ ಎಡವಟ್ಟು ಮಾಡುತ್ತದೆ. ರೇಷನ್ ಕಾರ್ಡಿನಲ್ಲಿ ಮುಖ್ಯಸ್ಥರು ಎಂದರೆ ಮನೆಯ ಹಿರಿಯ ಹೆಣ್ಣುಮಗಳು, 2013ರ ಆಹಾರ ಭದ್ರತಾ ಕಾಯ್ದೆಯಿಂದ ಬಂದ ಪದ್ಧತಿ. ಆಧಾರಿನ ಈ ಸೇವೆಯಲ್ಲಿ ಮುಖ್ಯಸ್ಥ ಎಂದರೆ ಯಾರ ವಿಳಾಸವನ್ನು ಎರವಲು ಪಡೆಯುತ್ತಿದ್ದೀರೋ ಅವರು, ಅಷ್ಟೇ. 18 ದಾಟಿರಬೇಕು. ನಿಮ್ಮ ಮನೆಯಲ್ಲಿ ರೇಷನ್ ಕಾರ್ಡಿನ ಮುಖ್ಯಸ್ಥೆ ನಿಮ್ಮ ತಾಯಿ ಇರಬಹುದು, ಆಧಾರಿನ ಕೆಲಸಕ್ಕೆ ನೀವು.

ಇದರ ಹಿಂದೆ ಇನ್ನೊಂದು ಸಣ್ಣ ಗಂಟಿದೆ. ಸಂಬಂಧದ ಪುರಾವೆಗೆ ರೇಷನ್ ಕಾರ್ಡ್ ನಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ತಾಯಿಯವರ ಅರ್ಜಿಗೆ ಅದನ್ನೇ ಹಚ್ಚಿ, ಅದರಲ್ಲಿ ನಿಮ್ಮ ಹೆಸರಿನೆದುರು "ಮಗ" ಎಂದಿರುತ್ತದೆ. ಆದರೆ ಹೆಂಡತಿಯ ಹೆಸರಿನೆದುರು "ಸೊಸೆ" ಎಂದಿರುತ್ತದೆ, ಏಕೆಂದರೆ ಸಂಬಂಧ ಬರೆದಿರುವುದು ನಿಮ್ಮ ತಾಯಿಯ ಲೆಕ್ಕದಲ್ಲಿ. ಗಂಡ-ಹೆಂಡತಿ ಎಂದು ಆ ಕಾರ್ಡಿನಲ್ಲಿ ಎಲ್ಲೂ ಇಲ್ಲ! ನಾವು ಓದಿ ತಿಳಿದುಕೊಳ್ಳುತ್ತೇವೆ, ಪರಿಶೀಲಿಸುವವರು ಬರೆದದ್ದನ್ನಷ್ಟೇ ಓದುತ್ತಾರೆ. ಹೆಂಡತಿಯವರ ಅರ್ಜಿಗೆ ವಿವಾಹ ನೋಂದಣಿ ಪ್ರಮಾಣಪತ್ರ ಹಚ್ಚಿ. ನೋಂದಣಿ ಮಾಡಿಸಿಲ್ಲವೆಂದರೆ ಗಾಬರಿ ಬೇಡ. ಯಾವ ಪುರಾವೆಯೂ ಇಲ್ಲದವರಿಗೆ ಮುಖ್ಯಸ್ಥರೇ, ಅಂದರೆ ನೀವೇ, ಪ್ರಾಧಿಕಾರದ ನಮೂನೆಯಲ್ಲಿ ಸ್ವಯಂ ಘೋಷಣೆ ಬರೆದು ಸಹಿ ಮಾಡಿಕೊಡುವ ಅವಕಾಶ ಇದೆ.

ತಾಯಿಯವರ ಆಧಾರಿಗೆ ಮೊಬೈಲ್ ನಂಬರ್ ಸೇರಿದೆಯೇ ಮೊದಲೇ ನೋಡಿಕೊಳ್ಳಿ. ಸೇರಿಲ್ಲದಿದ್ದರೆ ಓಟಿಪಿ ಬರುವುದಿಲ್ಲ, ಕೇಂದ್ರಕ್ಕೇ ಕರೆದುಕೊಂಡು ಹೋಗಬೇಕು, ಜೊತೆಗೆ ನೀವೂ ಖುದ್ದಾಗಿ ಇರಬೇಕು. ಅಂಚೆ ಕಚೇರಿ, ಬ್ಯಾಂಕ್, ಕರ್ನಾಟಕ ಒನ್‌ಗಳಲ್ಲಿ ಆಧಾರ್ ಕೌಂಟರ್ ಇರುವ ಕಡೆ ಆಗುತ್ತದೆ. ಹೋಗುವುದು ಹೋಗುತ್ತೀರಿ, ಮಗಳನ್ನೂ ಕರೆದೊಯ್ಯಿರಿ. ಐದು ವರ್ಷ ತುಂಬಿದ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ಕೊಡಿಸುವುದು ಕಡ್ಡಾಯ. ಇನ್ನೂ ಕೊಡಿಸಿಲ್ಲವಾದರೆ ಅದರ ಜೊತೆಗೇ ವಿಳಾಸವನ್ನೂ ಬದಲಿಸಬಹುದು, ಎರಡು ಸಲ ಅಡ್ಡಾಡುವುದು ತಪ್ಪುತ್ತದೆ. ಮಗಳ ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಇರುತ್ತದೆ, ಸಂಬಂಧಕ್ಕೆ ಅದು ಸಾಕು.

ವೋಟರ್ ಐಡಿ ಕೆಲಸ ಇದಕ್ಕಿಂತ ಹಗುರ, ಶುಲ್ಕವೂ ಇಲ್ಲ. voters.eci.gov.in ತಾಣದಲ್ಲಿ ಫಾರ್ಮ್ 8 ತುಂಬಿ, ವಾಸಸ್ಥಳ ಬದಲಾವಣೆ ಎಂಬುದನ್ನು ಆರಿಸಬೇಕು. ಬೇರೆ ಕ್ಷೇತ್ರಕ್ಕೆ ಹೋದವರೂ ಈಗ ಇದನ್ನೇ ತುಂಬುವುದು. 2022ರ ಆಗಸ್ಟ್‌ಗಿಂತ ಮೊದಲು ಇದ್ದಂತೆ ಹೊಸ ಮತದಾರರ ಫಾರ್ಮ್ 6 ತುಂಬಿದರೆ ಗದಗಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು ಹೆಸರಾಗಿ ಕೂಡುತ್ತದೆ, ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಹುಬ್ಬಳ್ಳಿ-ಧಾರವಾಡ ಪೂರ್ವ, ಕೇಂದ್ರ, ಪಶ್ಚಿಮ ಎಂದು ಮೂರು ಕ್ಷೇತ್ರ ಇಲ್ಲಿವೆ. ಅಂದಾಜಿನಲ್ಲಿ ಆರಿಸಬೇಡಿ, ಪಕ್ಕದ ಮನೆಯವರ ಗುರುತಿನ ಚೀಟಿ ನೋಡಿ, ಅಲ್ಲಿ ಕ್ಷೇತ್ರದ ಹೆಸರೇ ಇರುತ್ತದೆ. ಪುರಾವೆಗೆ ನಿಮ್ಮ ಹೊಸ ಆಧಾರ್ ಸಾಕು. ಈ ಅರ್ಜಿಯ ಒಂದು ಉದಾರತೆ ಏನೆಂದರೆ, ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ವಯಸ್ಕ ಮಗ, ಮಗಳ ಹೆಸರಿನ ಪುರಾವೆಯೂ ನಡೆಯುತ್ತದೆ. ಬಿಎಲ್‌ಒ ಮನೆಗೆ ಬಂದಾಗ ಬಾಗಿಲು ಹಾಕಿದ್ದರೆ ಕೆಲಸ ನಿಲ್ಲುತ್ತದೆ, ಮೇಲಿನ ಮಹಡಿಯವರಿಗೋ ಮಾಲೀಕರಿಗೋ ಒಂದು ಮಾತು ಹೇಳಿಟ್ಟಿರಿ.

ಲೈಸೆನ್ಸ್ ಮತ್ತು ಗಾಡಿ ಎರಡೂ ಬೇರೆ ಬೇರೆ ಕೆಲಸ. ಲೈಸೆನ್ಸ್ ಸಾರಥಿ ತಾಣದಲ್ಲಿ, ಗಾಡಿಯ ಆರ್.ಸಿ. ವಾಹನ್ ತಾಣದಲ್ಲಿ ಫಾರ್ಮ್ 33ರ ಮೂಲಕ. ಅವಸರ ಇರುವುದು ಆರ್.ಸಿ.ಗೆ, ಏಕೆಂದರೆ ಮೋಟಾರು ವಾಹನ ಕಾಯ್ದೆಯ 49ನೇ ಕಲಮು ಮನೆ ಬದಲಿಸಿದ 30 ದಿನದೊಳಗೆ ತಿಳಿಸಬೇಕೆನ್ನುತ್ತದೆ. ನಿಮಗೆ ಆ ಗಡುವು ಆಗಲೇ ದಾಟಿದೆ, ಹಾಗಾಗಿ ಆಧಾರ್ ಬಂದ ವಾರದಲ್ಲೇ ಹಾಕಿಬಿಡಿ. ಕೆಎ 26 ಹೋಗಿ ಕೆಎ 63 ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ರಾಜ್ಯದೊಳಗೆ ಗಾಡಿ ನಂಬರ್ ಬದಲಾಗುವುದಿಲ್ಲ, ವಿಳಾಸ ಮಾತ್ರ. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಬೇಕು, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಬೇಕು.

ಬ್ಯಾಂಕಿಗೆ ಹೊಸ ಆಧಾರ್ ಕೊಟ್ಟರೆ ಮುಗಿಯಿತು. ಅಲ್ಲಿಯವರೆಗೆ ಚೆಕ್‌ಬುಕ್ಕು, ಎಟಿಎಂ ಕಾರ್ಡು ಬೆಟಗೇರಿಗೆ ಹೋಗುವುದು ಬೇಡ ಅನಿಸಿದರೆ, ವಿಳಾಸ ಬದಲಾಗಿದೆ ಎಂದು ಬರೆದುಕೊಡಿ, ಬ್ಯಾಂಕು ಎರಡು ತಿಂಗಳೊಳಗೆ ಅದನ್ನು ಖಚಿತಪಡಿಸಿಕೊಳ್ಳಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಪಾನ್ ಕಾರ್ಡಿನ ಮೇಲೆ ವಿಳಾಸವೇ ಇರುವುದಿಲ್ಲ, ಅದನ್ನು ಹೊಸದಾಗಿ ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳುವವರಿಗೆ ಕೊಡಬೇಡಿ. ಪಾಸ್‌ಪೋರ್ಟ್ ಇದ್ದರೆ, ಅದರಲ್ಲಿ ವಿಳಾಸ ತಿದ್ದಿಕೊಡುವ ಪದ್ಧತಿ ಇಲ್ಲ, ಹೊಸ ಪುಸ್ತಕವನ್ನೇ ಮರುವಿತರಣೆ ಪಡೆಯಬೇಕು. ಮುಂದಿನ ವರ್ಷ ಮತ್ತೆ ಮನೆ ಬದಲಿಸುವ ಅಂದಾಜಿದ್ದರೆ ಸುಮ್ಮನೆ ಖರ್ಚು. ರೇಷನ್ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಸಿಗುವುದರಿಂದ ಕಾರ್ಡಿನ ವಿಳಾಸಕ್ಕೆ ಗಡಿಬಿಡಿ ಇಲ್ಲ.

ನೀವು ಕೇಳದಿದ್ದರೂ ಒಂದನ್ನು ಇವತ್ತೇ ಮಾಡಿ: ಬೆಟಗೇರಿ ಮನೆಯ ಮೀಟರಿಗೆ ಗೃಹಜ್ಯೋತಿಯಲ್ಲಿ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿಕೊಳ್ಳಿ. ಅದು ಅಲ್ಲಿ ಸಿಕ್ಕಿಕೊಂಡಿರುವ ತನಕ ವಿದ್ಯಾನಗರದ ಮೀಟರಿಗೆ ಜೋಡಿಸಲು ಬರುವುದಿಲ್ಲ. ಇದಕ್ಕೆ ಹೊಸ ವಿಳಾಸದ ಆಧಾರ್ ಬರುವ ತನಕ ಕಾಯಬೇಕಾಗಿಲ್ಲ.